ತಲಾ ₹17,999ರ ಕೇರಳ ಪ್ಯಾಕೇಜು: ಐದು ಜನರ ಮನೆಗೆ ನಿಜವಾಗಿ ಬೀಳುವುದೆಷ್ಟು?

ಪ್ರಶ್ನೆ: ನಾವು ತುಮಕೂರಿನವರು. ನಾನು, ಹೆಂಡತಿ, 14 ವರ್ಷದ ಮಗಳು, 8 ವರ್ಷದ ಮಗ, ಮಂಡಿನೋವಿರುವ 67 ವರ್ಷದ ಅಮ್ಮ. ಸ್ವಂತ ಕಾರಿಲ್ಲ. ದಸರಾ ರಜೆಗೆ ಕೇರಳಕ್ಕೆ ಹೋಗಬೇಕೆಂದಿದ್ದೇವೆ. ಎರ್ನಾಕುಲಂನಿಂದ ಎರ್ನಾಕುಲಂವರೆಗೆ ಐದು ರಾತ್ರಿಯ ಪ್ಯಾಕೇಜಿಗೆ (ಮುನ್ನಾರ್ 2, ತೇಕ್ಕಡಿ 1, ಅಲೆಪ್ಪಿ ಹೌಸ್‌ಬೋಟ್ 1, ಕೊಚ್ಚಿ 1) ಏಜೆಂಟರು ದೊಡ್ಡವರಿಗೆ ತಲಾ ₹17,999, ಮಗನಿಗೆ ₹7,500 ಹೇಳಿದ್ದಾರೆ. ಆಫೀಸಿನ ಗೆಳೆಯರೊಬ್ಬರು ತಾವೇ ಬುಕ್ ಮಾಡಿಕೊಂಡು ₹50,000ದಲ್ಲಿ ಮುಗಿಸಿದರಂತೆ. ಹೆಂಡತಿಗೆ ಅಷ್ಟು ತಲೆನೋವು ಬೇಡ ಅಂತ. ನಿಜಕ್ಕೂ ಅಷ್ಟು ವ್ಯತ್ಯಾಸ ಇದೆಯೇ? ಯಾವುದು ಒಳ್ಳೆಯದು?

ಉತ್ತರ: ಅಷ್ಟು ವ್ಯತ್ಯಾಸ ಇಲ್ಲ, ಆದರೆ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ನಿಮ್ಮ ಕುಟುಂಬಕ್ಕೆ, ಇದೇ ದಾರಿಗೆ, ಇದೇ ದರ್ಜೆಯ ಕೋಣೆಗಳಿಗೆ ಲೆಕ್ಕ ಹಾಕಿದರೆ ಹನ್ನೆರಡು ಸಾವಿರದ ಆಸುಪಾಸು ಉಳಿಯುತ್ತದೆ. ಸ್ವಲ್ಪ ಜಾಣತನದಿಂದ ಯೋಜಿಸಿದರೆ ಹದಿನೇಳು ಹದಿನೆಂಟು ಸಾವಿರ. ಮೂವತ್ತು ಸಾವಿರ ಉಳಿಯಿತು ಎನ್ನುವವರು ಸಾಮಾನ್ಯವಾಗಿ ಬೇರೆಯದೇ ಪ್ರವಾಸ ಮಾಡಿರುತ್ತಾರೆ, ಇಲ್ಲವೇ ಅರ್ಧ ಖರ್ಚನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನಿಮ್ಮ ಗೆಳೆಯರನ್ನು ಮೂರು ವಿಷಯ ಕೇಳಿ ನೋಡಿ: ಯಾವ ತಿಂಗಳು ಹೋಗಿದ್ದರು, ಎಷ್ಟು ಜನ, ರೈಲು ಮತ್ತು ಊಟ ಆ ಐವತ್ತು ಸಾವಿರದೊಳಗೆ ಇತ್ತೇ? ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನಲ್ಲಿ ಮುನ್ನಾರಿನ ಕೋಣೆ ದಸರಾ ದರಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ. ನಾಲ್ಕು ಜನವಾದರೆ ಸಣ್ಣ ಸೆಡಾನ್ ಕಾರು ಸಾಕು, ಅವರಲ್ಲಿ ಇಬ್ಬರು ಚಿಕ್ಕ ಮಕ್ಕಳಾದರೆ ಒಂದೇ ಕೋಣೆಯೂ ಸಾಕು. ಐದನೆಯವರು ಸೇರಿದ ಕೂಡಲೇ ಎರಡೂ ಕೆಡುತ್ತವೆ. ಸೆಡಾನ್‌ನಲ್ಲಿ ಚಾಲಕನನ್ನು ಬಿಟ್ಟು ಕೂರಬಹುದಾದವರು ನಾಲ್ವರೇ, ಹಾಗಾಗಿ ಏಳು ಸೀಟಿನ ಗಾಡಿ ಬೇಕು. ಹೋಟೆಲ್ ಕೋಣೆ ಮೂವರು ದೊಡ್ಡವರಿಗೆ ಮುಗಿಯುತ್ತದೆ, ಹಾಗಾಗಿ ಎರಡು ಕೋಣೆ ಬೇಕು. ಐದು ಜನರ ಪ್ರವಾಸದ ಖರ್ಚು ನಾಲ್ಕು ಜನರದ್ದಕ್ಕಿಂತ ಕಾಲು ಭಾಗವಷ್ಟೇ ಹೆಚ್ಚುವುದಿಲ್ಲ. ಕೋಣೆ ಇಮ್ಮಡಿಯಾಗುತ್ತದೆ, ಗಾಡಿ ಒಂದು ದರ್ಜೆ ಮೇಲಕ್ಕೆ ಹೋಗುತ್ತದೆ. ‘ತಲಾ ಇಷ್ಟು’ ಎಂಬ ದರ ನೋಡಿ ಪ್ಯಾಕೇಜನ್ನು ಅಳೆಯಲು ಹೋದರೆ ಲೆಕ್ಕ ತಪ್ಪುವುದು ಇಲ್ಲೇ.

ಮೊದಲು ಏಜೆಂಟರ ಮೊತ್ತವನ್ನು ಪೂರ್ತಿ ಮಾಡೋಣ. ಹನ್ನೆರಡು ದಾಟಿದ ಮಕ್ಕಳನ್ನು ಪ್ರವಾಸದ ಲೆಕ್ಕದಲ್ಲಿ ದೊಡ್ಡವರೆಂದೇ ಹಿಡಿಯುತ್ತಾರೆ, ಆದ್ದರಿಂದ ನಿಮ್ಮ ಮನೆಯಲ್ಲಿ ದೊಡ್ಡವರು ನಾಲ್ವರು. ನಾಲ್ವರಿಗೆ ₹71,996, ಮಗನಿಗೆ ₹7,500, ಒಟ್ಟು ₹79,496. ಇದರ ಮೇಲೆ 5% ಜಿಎಸ್‌ಟಿ ಸೇರಿದರೆ ₹83,471. ಜಾಹೀರಾತಿನ ದರದಲ್ಲಿ ತೆರಿಗೆ ಇರುವುದು ಅಪರೂಪ, ಕೇಳಿ ಖಚಿತಪಡಿಸಿಕೊಳ್ಳಿ. ಮಗನ ₹7,500 ಎಂದರೆ ಬಹುಮಟ್ಟಿಗೆ ‘ಬೆಡ್ ಇಲ್ಲದೆ’ ಎಂದರ್ಥ, ಅಂದರೆ ಅವನು ನಿಮ್ಮಿಬ್ಬರ ನಡುವೆ ಮಲಗಬೇಕು. ಎಂಟು ವರ್ಷದ ಹುಡುಗ ಐದು ರಾತ್ರಿ ಹಾಗೆ ಮಲಗುತ್ತಾನೋ ಇಲ್ಲವೋ ನಿಮಗೇ ಗೊತ್ತು. ಬೇಡವೆಂದರೆ ಎಕ್ಸ್‌ಟ್ರಾ ಬೆಡ್‌ಗೆ ಇನ್ನಷ್ಟು ಸೇರುತ್ತದೆ. ಅನೇಕ ಹೋಟೆಲ್‌ಗಳಲ್ಲಿ ಎಕ್ಸ್‌ಟ್ರಾ ಬೆಡ್ ಎಂದರೆ ನೆಲಕ್ಕೆ ಹಾಸುವ ಒಂದು ಹಾಸಿಗೆ ಅಷ್ಟೇ.

ಈಗ ಅದೇ ಪ್ರವಾಸವನ್ನು ಬಿಡಿಬಿಡಿಯಾಗಿ ಕೊಂಡರೆ ಹೇಗೆ? ಕೆಳಗಿನ ದರಗಳು ಲೆಕ್ಕಕ್ಕೆಂದು ನಾನು ಹಿಡಿದ ಸಾಧಾರಣ ತ್ರೀಸ್ಟಾರ್ ದರ್ಜೆಯವು. ನಿಮ್ಮ ದಿನಾಂಕ ಹಾಕಿ ನೋಡಿದಾಗ ಬರುವ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಟ್ಟುಕೊಳ್ಳಿ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಮುನ್ನಾರಿನಲ್ಲಿ ಉಪಾಹಾರ ಸೇರಿ ಕೋಣೆಗೆ ₹4,000ದಂತೆ ಎರಡು ಕೋಣೆ, ಎರಡು ರಾತ್ರಿ: ₹16,000. ತೇಕ್ಕಡಿಯಲ್ಲಿ ₹3,500ರ ಎರಡು ಕೋಣೆ: ₹7,000. ಕೊಚ್ಚಿಯಲ್ಲಿ ₹3,000ದ ಎರಡು: ₹6,000. ಒಟ್ಟು ₹29,000. ದಿನಕ್ಕೆ ₹7,500ರವರೆಗಿನ ಕೋಣೆಗೆ ಈಗ ಜಿಎಸ್‌ಟಿ 5%, ಅದನ್ನು ಸೇರಿಸಿದರೆ ₹30,450. ಎರಡು ಬೆಡ್‌ರೂಮಿನ ಖಾಸಗಿ ಹೌಸ್‌ಬೋಟ್, ನಾಲ್ಕು ಹೊತ್ತಿನ ತಿಂಡಿ ಊಟ ಮತ್ತು ತೆರಿಗೆ ಸೇರಿ ₹16,000. ಏಳು ಸೀಟಿನ ಗಾಡಿ, ಡೀಸೆಲ್, ಚಾಲಕನ ಬಾಟಾ, ಟೋಲ್, ಪಾರ್ಕಿಂಗ್ ಎಲ್ಲ ಸೇರಿ ದಿನಕ್ಕೆ ₹4,200ರಂತೆ ಆರು ದಿನಕ್ಕೆ ₹25,200. ಎಲ್ಲ ಕೂಡಿಸಿದರೆ ₹71,650.

ಪ್ಯಾಕೇಜಿಗೂ ಇದಕ್ಕೂ ಅಂತರ ₹11,821. ಏಜೆಂಟರು ಮೋಸ ಮಾಡುತ್ತಿದ್ದಾರೆ ಎಂದು ಇದರಿಂದ ತೀರ್ಮಾನಿಸಬೇಡಿ. ಎರಡು ತಿಂಗಳು ನಿಮ್ಮ ಫೋನ್ ಎತ್ತುವುದು, ಕೋಣೆ ಹಿಡಿದಿಡುವುದು, ಗಾಡಿ ಕೆಟ್ಟರೆ ಇನ್ನೊಂದನ್ನು ಕಳಿಸುವುದು, ಎಲ್ಲವೂ ಆ ಹಣದಲ್ಲಿದೆ. ಅದು ದುಬಾರಿಯೋ ಅಲ್ಲವೋ ಎನ್ನುವುದು ಆ ಕೆಲಸವನ್ನು ಅವರು ನಿಜವಾಗಿ ಮಾಡುತ್ತಾರೆಯೇ ಎಂಬುದರ ಮೇಲೆ ನಿಂತಿದೆ.

ಇನ್ನು ಎರಡೂ ದಾರಿಯಲ್ಲಿ ನಿಮ್ಮ ಜೇಬಿನಿಂದಲೇ ಹೋಗುವ ಹಣ. ಬೆಂಗಳೂರಿನಿಂದ ಎರ್ನಾಕುಲಂಗೆ ಥರ್ಡ್ ಎಸಿ ರೈಲು ಹೋಗಿ ಬರಲು ಐವರಿಗೆ ಹತ್ತೂವರೆ ಸಾವಿರ ಇಟ್ಟುಕೊಳ್ಳಿ. ಪ್ಯಾಕೇಜಿನಲ್ಲಿ ಬೆಳಗಿನ ಉಪಾಹಾರ ಮಾತ್ರ ಇರುವುದರಿಂದ ಮಧ್ಯಾಹ್ನ, ರಾತ್ರಿಯ ಊಟ, ನಡುನಡುವಿನ ಚಹಾ ತಿಂಡಿಗೆ ಹನ್ನೊಂದು ಸಾವಿರ. ಎರವಿಕುಳಂ ಉದ್ಯಾನದ ಪ್ರವೇಶ, ಪೆರಿಯಾರ್ ದೋಣಿ, ಮಸಾಲೆ ತೋಟ, ಜೀಪು, ಚಾಲಕನಿಗೆ ಕೊಡುವ ಭಕ್ಷೀಸು ಎಲ್ಲ ಸೇರಿ ಎಂಟು ಸಾವಿರ. ಇದು ಹತ್ತಿರಹತ್ತಿರ ₹29,500. ಹಾಗಾಗಿ ‘ಹದಿನೆಂಟು ಸಾವಿರದ ಪ್ಯಾಕೇಜು’ ನಿಮ್ಮ ಮನೆಗೆ ಬೀಳುವುದು ಸುಮಾರು ₹1,13,000. ನೀವೇ ಮಾಡಿಕೊಂಡರೆ ₹1,01,000. ಬಜೆಟ್ ಹಾಕುವಾಗ ಹಿಡಿಯಬೇಕಾದದ್ದು ಈ ಅಂಕಿಗಳನ್ನು. ಏಜೆಂಟರ ಕಾಗದದಲ್ಲಿ ‘ದರ್ಶನ’ ಎಂದು ಬರೆದಿರುವ ಜಾಗಗಳಿಗೆ ಗಾಡಿ ಹೋಗುತ್ತದೆ ಎಂದಷ್ಟೇ ಅರ್ಥ. ಟಿಕೆಟ್ ಹಣ ಅದರಲ್ಲಿ ಇಲ್ಲ ಎಂದೇ ತಿಳಿಯಿರಿ, ಇದೆ ಎಂದು ಪ್ರತ್ಯೇಕವಾಗಿ ಬರೆದಿದ್ದರೆ ಮಾತ್ರ ನಂಬಿ.

ಹನ್ನೆರಡು ಸಾವಿರ ಹದಿನೆಂಟು ಸಾವಿರ ಆಗುವುದು ಗಾಡಿಯಲ್ಲಿ. ಆರು ದಿನದ ಪ್ರವಾಸಕ್ಕೆ ಆರು ದಿನವೂ ಗಾಡಿ ಬೇಕಾಗಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ನೀವು ಅಲೆಪ್ಪಿಯಲ್ಲಿ ದೋಣಿ ಹತ್ತಿದ ಮೇಲೆ ಮರುದಿನ ಬೆಳಿಗ್ಗೆ ಒಂಬತ್ತರವರೆಗೆ ಕಾರು ದಡದಲ್ಲಿ ಸುಮ್ಮನೆ ನಿಂತಿರುತ್ತದೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ. ಕೊಚ್ಚಿಯಲ್ಲಂತೂ ಅದು ಬೇಕೇ ಇಲ್ಲ. ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೊ ಇದೆ. 2023ರಿಂದ ಓಡುತ್ತಿರುವ ಹವಾನಿಯಂತ್ರಿತ ದೋಣಿಗಳು ಅವು, ತೇಲುವ ಜೆಟ್ಟಿಯಾದ್ದರಿಂದ ದೋಣಿಯ ನೆಲ ಜೆಟ್ಟಿಯ ಮಟ್ಟಕ್ಕೇ ಇರುತ್ತದೆ, ಮಂಡಿನೋವಿನವರೂ ಹತ್ತಿಳಿಯಬಹುದು. ಮಕ್ಕಳಿಗೆ ಅದೇ ಒಂದು ಆಟ. ಆದ್ದರಿಂದ ಗಾಡಿಯನ್ನು ಎರ್ನಾಕುಲಂನಿಂದ ಅಲೆಪ್ಪಿಗೆ, ನಾಲ್ಕು ದಿನಕ್ಕೆ ಮಾತ್ರ ಮಾತಾಡಿ. ಅಲೆಪ್ಪಿಯಿಂದ ಎರ್ನಾಕುಲಂಗೆ ಐವತ್ತೈದು ಅರುವತ್ತು ಕಿಲೋಮೀಟರ್, ಕರಾವಳಿ ಮಾರ್ಗದ ರೈಲಿದೆ, ಬೇಡವೆಂದರೆ ಒಂದು ಟ್ಯಾಕ್ಸಿ. ಎರಡು ದಿನದ ಬಾಡಿಗೆ ₹8,400 ಉಳಿದು, ಟ್ಯಾಕ್ಸಿ ಮತ್ತು ಕೊಚ್ಚಿಯ ಓಡಾಟಕ್ಕೆ ₹2,500 ಹೋದರೂ ₹5,900 ಉಳಿತಾಯ. ಒಟ್ಟು ಖರ್ಚು ₹95,000ಕ್ಕೆ ಇಳಿಯುತ್ತದೆ.

ಗಾಡಿಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಐದು ಜನರ ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲೇ. ಏಳು ಸೀಟು ಎಂದರೆ ಚಾಲಕನೂ ಸೇರಿ ಏಳು. ಮುಂದೆ ಒಬ್ಬರು, ನಡುವೆ ಮೂವರು, ಉಳಿದ ಒಬ್ಬರು ಹಿಂದಿನ ಸಾಲಿಗೆ. ಹಿಂದಿನ ಸಾಲು ಎತ್ತಿದ್ದರೆ ಸಾಮಾನಿಗೆ ಜಾಗವಿಲ್ಲ, ಪೂರ್ತಿ ಮಡಚಿದರೆ ಐದನೆಯವರಿಗೆ ಜಾಗವಿಲ್ಲ. ಅರ್ಧ ಮಡಚಿ, ಒಂದು ಬದಿಗೆ ಚೀಲ, ಇನ್ನೊಂದು ಬದಿಗೆ ಒಬ್ಬರು ಎನ್ನುವುದು ರೂಢಿ. ಇನ್ನೋವಾದಲ್ಲಿ ಇದು ನಡೆಯುತ್ತದೆ. ಎರ್ಟಿಗಾದಲ್ಲಿ ಮೇಲೆ ಕ್ಯಾರಿಯರ್ ಇದ್ದರೆ ಸರಿ, ಇಲ್ಲದಿದ್ದರೆ ಹಿಂದೆ ಕೂತವರ ತೊಡೆಯ ಮೇಲೆ ಒಂದು ಬ್ಯಾಗು ಬರುತ್ತದೆ. ಮುನ್ನಾರಿನ ಘಾಟ್ ತಿರುವುಗಳಲ್ಲಿ ವಾಂತಿ ಮೊದಲು ಶುರುವಾಗುವುದೂ ಹಿಂದಿನ ಸಾಲಿನಲ್ಲೇ. ಏಜೆಂಟರ ಕಾಗದದಲ್ಲಿ ‘ಖಾಸಗಿ ಎಸಿ ಗಾಡಿ’ ಎಂದಿದ್ದರೆ ಸಾಲದು, ಯಾವ ಮಾಡೆಲ್, ಕ್ಯಾರಿಯರ್ ಇದೆಯೇ ಎಂದು ಬರೆಸಿಕೊಳ್ಳಿ. ಷರತ್ತುಗಳ ಕೊನೆಯಲ್ಲಿ ‘ಘಾಟ್ ಪ್ರದೇಶದಲ್ಲಿ ಎಸಿ ಹಾಕುವುದಿಲ್ಲ’ ಎಂಬ ಸಾಲು ಬಹಳ ಪ್ಯಾಕೇಜುಗಳಲ್ಲಿ ಇರುತ್ತದೆ. ಅಕ್ಟೋಬರ್ ಮಳೆಯಲ್ಲಿ ಕಿಟಕಿ ತೆರೆಯಲಾಗದೆ, ಎಸಿಯೂ ಇಲ್ಲದೆ ಆರು ಜನ ಗಾಡಿಯೊಳಗೆ ಬೆವರುವುದು ಸುಖದ ವಿಷಯವಲ್ಲ.

ನೀವೇ ಗಾಡಿ ಮಾತಾಡುವಾಗ ದಿನದ ಬಾಡಿಗೆಯೊಳಗೆ ಎಷ್ಟು ಕಿಲೋಮೀಟರ್ ಎಂದು ಮೊದಲು ಕೇಳಿ. ಎರ್ನಾಕುಲಂನಿಂದ ಮುನ್ನಾರ್ 130, ಅಲ್ಲಿಂದ ತೇಕ್ಕಡಿ 95ರ ಸುಮಾರು, ತೇಕ್ಕಡಿಯಿಂದ ಅಲೆಪ್ಪಿ 140. ಊರೊಳಗಿನ ಸುತ್ತಾಟ ಸೇರಿದರೆ ನಾಲ್ಕು ದಿನಕ್ಕೆ 450 ಕಿಲೋಮೀಟರ್ ದಾಟುತ್ತದೆ. ‘ದಿನಕ್ಕೆ 80 ಕಿಲೋಮೀಟರ್’ ಎಂದವರು ಕೊನೆಯ ದಿನ ಹೆಚ್ಚುವರಿ ಲೆಕ್ಕ ತೆಗೆಯುತ್ತಾರೆ. ಗಾಡಿ ಅಲೆಪ್ಪಿಯಿಂದ ಖಾಲಿ ಹಿಂತಿರುಗುವ ದೂರವೂ ದರದಲ್ಲಿ ಸೇರಿದೆಯೇ ಎಂದು ಆಗಲೇ ಮಾತಾಡಿ ಮುಗಿಸಿ. ಬೆಂಗಳೂರಿನಿಂದಲೇ ಟ್ಯಾಕ್ಸಿ ಹಿಡಿದು ಹೋಗುವ ಯೋಚನೆ ಇದ್ದರೆ ಬಿಡಿ. ಹೊರರಾಜ್ಯದ ಬಾಡಿಗೆಗೆ ನಮ್ಮ ಟ್ಯಾಕ್ಸಿಯವರು ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಲೆಕ್ಕ ಹಿಡಿಯುತ್ತಾರೆ, ಮುನ್ನಾರಿನಲ್ಲಿ ನೀವು ಅರುವತ್ತೇ ಓಡಿದರೂ ಮುನ್ನೂರರ ಹಣ ಕೊಡಬೇಕು.

ಕೋಣೆಯ ವಿಷಯಕ್ಕೆ ಬಂದರೆ, ತಾವೇ ಬುಕ್ ಮಾಡುವವರು ಮಾಡುವ ದೊಡ್ಡ ತಪ್ಪು ಹುಡುಕುವ ಪೆಟ್ಟಿಗೆಯಲ್ಲೇ ಆಗುತ್ತದೆ. ‘2 ದೊಡ್ಡವರು, 1 ಕೋಣೆ’ ಎಂದು ಹಾಕಿ ಅಗ್ಗದ ದರ ನೋಡಿ ಎರಡು ಕೋಣೆ ಹಿಡಿಯುತ್ತಾರೆ. ಹೋಟೆಲಿಗೆ ಹೋದಾಗ ಮಗನಿಗೂ ಉಪಾಹಾರ, ಹಾಸಿಗೆಗೆಂದು ದಿನಕ್ಕೆ ಇಷ್ಟು ಎನ್ನುತ್ತಾರೆ. ಐವರನ್ನೂ ಹಾಕಿ, ಇಬ್ಬರು ಮಕ್ಕಳ ನಿಜವಾದ ವಯಸ್ಸನ್ನೂ ಹಾಕಿ ಹುಡುಕಿ. ಉಚಿತ ಎಂದು ಬಿಡುವ ವಯಸ್ಸು ಹೋಟೆಲಿನಿಂದ ಹೋಟೆಲಿಗೆ ಬೇರೆ, ಅನೇಕ ಕಡೆ ಐದಾರು ವರ್ಷಕ್ಕೇ ಮುಗಿಯುತ್ತದೆ.

ಎರಡನೆಯದು ಜಾಗ. ‘ಮುನ್ನಾರ್’ ಎಂದು ತೋರಿಸುವ ಹೋಟೆಲುಗಳಲ್ಲಿ ಬಹಳಷ್ಟು ಚಿತ್ತಿರಪುರಂ, ಪಳ್ಳಿವಾಸಲ್, ಆನಚ್ಚಾಲ್ ಕಡೆ ಇರುತ್ತವೆ. ಆನಚ್ಚಾಲ್ ಮುನ್ನಾರ್ ಪೇಟೆಯಿಂದ ಹನ್ನೆರಡು ಹದಿನೈದು ಕಿಲೋಮೀಟರ್. ರಜೆಯ ದಿನಗಳಲ್ಲಿ ಆ ದಾರಿ ಒಂದು ಗಂಟೆ ನುಂಗುತ್ತದೆ. ಕೆಲವು ಪ್ಯಾಕೇಜು ಅಗ್ಗವಾಗಿರುವುದೇ ಈ ಕಾರಣಕ್ಕೆ. ಅಲ್ಲಿ ಉಳಿಯುವುದು ತಪ್ಪೆಂದಲ್ಲ, ಎರಡು ಬೆಡ್‌ರೂಮಿನ ಕಾಟೇಜುಗಳು ಅಲ್ಲೇ ಹೆಚ್ಚು, ನಿಮ್ಮಂಥ ಮನೆಗೆ ಎರಡು ಹೋಟೆಲ್ ಕೋಣೆಗಿಂತ ಅಂಥದ್ದೇ ಹಿತ. ಅಮ್ಮ ಮತ್ತು ಮಗಳು ಒಂದು ಕೋಣೆ, ನೀವು ಮೂವರು ಇನ್ನೊಂದು, ನಡುವೆ ಒಂದು ಹಜಾರ. ಆದರೆ ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಕಾಟೇಜುಗಳಿಗೆ ರಸ್ತೆಯಿಂದ ನಲವತ್ತು ಐವತ್ತು ಮೆಟ್ಟಿಲು ಇಳಿಯಬೇಕಾಗಬಹುದು. ಫೋಟೊದಲ್ಲಿ ಮೆಟ್ಟಿಲು ಕಾಣುವುದಿಲ್ಲ. ಬುಕ್ ಮಾಡುವ ಮೊದಲು ಫೋನ್ ಮಾಡಿ, ‘ಗಾಡಿ ನಿಲ್ಲುವಲ್ಲಿಂದ ಕೋಣೆಯ ಬಾಗಿಲಿಗೆ ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯೇ’ ಎಂದು ಕೇಳಿ. ಅಮ್ಮನ ಮಂಡಿಗೆ ಸ್ಟಾರ್ ದರ್ಜೆಗಿಂತ ಈ ಉತ್ತರ ಮುಖ್ಯ.

ಹೌಸ್‌ಬೋಟಿನಲ್ಲಿ ಏಜೆಂಟರನ್ನು ಕೇಳಬೇಕಾದದ್ದು: ದೋಣಿ ನಮಗೊಬ್ಬರಿಗೆಯೋ, ಇತರರ ಜತೆ ಹಂಚಿಕೊಂಡೋ? ಎಸಿ ದಿನವಿಡೀ ಇರುತ್ತದೆಯೋ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರವೋ? ‘ಡೀಲಕ್ಸ್’ ಎನ್ನುವ ದೋಣಿಗಳಲ್ಲಿ ಎರಡನೆಯದೇ ವಾಡಿಕೆ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸಿಕೊಂಡು, ಸಂಜೆ ಐದೂವರೆಯ ಹೊತ್ತಿಗೆ ದಡಕ್ಕೆ ಕಟ್ಟಿಬಿಡುತ್ತಾರೆ. ಅನಂತರ ಮೀನುಗಾರರ ಬಲೆಗಳ ಸಮಯ. ಅಂದರೆ ನಿಮಗೆ ಸಿಗುವುದು ಐದು ಗಂಟೆಯ ಓಟ ಮತ್ತು ನಿಂತ ದೋಣಿಯಲ್ಲಿ ಒಂದು ರಾತ್ರಿ. ತೇಕ್ಕಡಿಯಿಂದ 140 ಕಿಲೋಮೀಟರ್ ಬರಲು ನಾಲ್ಕು ಗಂಟೆಗೂ ಹೆಚ್ಚು ಹಿಡಿಯುವುದರಿಂದ ಬೆಳಿಗ್ಗೆ ಏಳೂವರೆಗೆ ಹೊರಡದಿದ್ದರೆ ಆ ಐದು ಗಂಟೆಯಲ್ಲೂ ಒಂದೆರಡು ಕಳೆದುಹೋಗುತ್ತದೆ. ಪ್ಯಾಕೇಜು ವೇಳಾಪಟ್ಟಿಯಲ್ಲಿ ಅದೇ ಬೆಳಿಗ್ಗೆ ಪೆರಿಯಾರ್ ದೋಣಿ ವಿಹಾರವನ್ನೂ ತುರುಕಿದ್ದರೆ ಎರಡರಲ್ಲಿ ಒಂದು ಆಗುವುದಿಲ್ಲ. ಪೆರಿಯಾರ್ ಕೆರೆಯ ದಂಡೆವರೆಗೆ ಖಾಸಗಿ ಗಾಡಿ ಬಿಡುವುದಿಲ್ಲ, ಪಾರ್ಕಿಂಗ್‌ನಿಂದ ಅರಣ್ಯ ಇಲಾಖೆಯ ಬಸ್ಸಿನಲ್ಲಿ ಹೋಗಬೇಕು. ಅದಕ್ಕೂ ಒಂದು ಗಂಟೆ ಕೈಯಲ್ಲಿರಲಿ. ಹಿಂದಿನ ದಿನ ಮಧ್ಯಾಹ್ನದ ದೋಣಿಗೆ ಮೊದಲೇ ಟಿಕೆಟ್ ಮಾಡಿಸುವುದು ಒಳ್ಳೆಯದು.

ರೈಲನ್ನು ಎರಡೂ ದಾರಿಯಲ್ಲಿ ನೀವೇ ಮಾಡಿಸಿಕೊಳ್ಳಬೇಕಾದ್ದರಿಂದ ಅಲ್ಲಿಂದಲೇ ಶುರುಮಾಡಿ. ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಬೆಂಗಳೂರಿನಿಂದ ರಾತ್ರಿ ಎಂಟರ ಸುಮಾರಿಗೆ ಹೊರಡುವ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಎರ್ನಾಕುಲಂ ತಲುಪಿಸುತ್ತದೆ, ಒಂದು ರಾತ್ರಿಯ ಕೋಣೆ ಉಳಿಯುತ್ತದೆ. ದಸರಾ ವೇಳೆ ತೆರೆದ ದಿನವೇ ತುಂಬುತ್ತದೆ. ಮಗನಿಗೆ ಹನ್ನೆರಡರೊಳಗಾದ್ದರಿಂದ ಬರ್ತ್ ಬೇಡವೆಂದರೆ ಅರ್ಧ ಟಿಕೆಟ್ ಸಾಕು, ಬೇಕೆಂದರೆ ಪೂರ್ತಿ. ರಾತ್ರಿ ಪ್ರಯಾಣಕ್ಕೆ ಪೂರ್ತಿಯೇ ಕೊಡಿ. ಅಮ್ಮನ ಲೋವರ್ ಬರ್ತ್ ವಿಚಾರದಲ್ಲಿ ಒಂದು ಮಾತು: ಹಿರಿಯರ ಲೋವರ್ ಬರ್ತ್ ಕೋಟಾ ಒಬ್ಬರು ಅಥವಾ ಇಬ್ಬರು ಹಿರಿಯರು ಇರುವ ಟಿಕೆಟ್ಟಿಗೆ ಮಾತ್ರ. ಐವರನ್ನೂ ಒಂದೇ ಟಿಕೆಟ್ಟಿನಲ್ಲಿ ಹಾಕಿದರೆ ಆ ಕೋಟಾ ಸಿಗುವುದಿಲ್ಲ. ಅಮ್ಮನಿಗೆ ಬೇರೆ ಟಿಕೆಟ್ ಮಾಡಿಸಿದರೆ ಬೇರೆ ಬೋಗಿಗೆ ಹೋಗಬಹುದು. ಒಟ್ಟಿಗೆ ಮಾಡಿಸಿ, ‘ಕನಿಷ್ಠ ಒಂದು ಲೋವರ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು’ ಎಂಬ ಆಯ್ಕೆಯನ್ನು ಗುರುತು ಹಾಕುವುದು ಒಳ್ಳೆಯ ದಾರಿ.

ಇಷ್ಟೂ ಹಣದ ಮಾತಾಯಿತು. ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಪ್ರವಾಸ ಕೆಟ್ಟರೆ ಯಾರ ಹಣ ಹೋಗುತ್ತದೆ ಎಂಬುದು. ಅಕ್ಟೋಬರಿನಲ್ಲಿ ಕೇರಳಕ್ಕೆ ಹಿಂಗಾರು ಮಳೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಮುನ್ನಾರ್, ತೇಕ್ಕಡಿ ಇರುವ ಇಡುಕ್ಕಿ ಜಿಲ್ಲೆಯಲ್ಲಿ ರೆಡ್ ಅಲರ್ಟ್ ಬಂದರೆ ಘಾಟ್ ರಸ್ತೆಗಳಲ್ಲಿ ರಾತ್ರಿ ಸಂಚಾರ ನಿಲ್ಲಿಸುವುದು, ದೋಣಿ ವಿಹಾರ ಮುಚ್ಚುವುದು ನಡೆಯುತ್ತಲೇ ಇರುತ್ತದೆ. ಹೊರಡುವ ಹಿಂದಿನ ವಾರ ಮಗನಿಗೆ ಜ್ವರ ಬರಬಹುದು. ಪ್ಯಾಕೇಜಿನಲ್ಲಿ ಹದಿನೈದು ದಿನದೊಳಗೆ ರದ್ದು ಮಾಡಿದರೆ ಅರ್ಧಕ್ಕೂ ಹೆಚ್ಚು, ಕೊನೆಯ ವಾರದಲ್ಲಿ ಪೂರ್ತಿ ಹಣ ಹೋಗುವ ಷರತ್ತು ಸಾಮಾನ್ಯ. ನಡುದಾರಿಯಲ್ಲಿ ಒಂದು ಜಾಗ ತಪ್ಪಿದರೆ ‘ಬಳಸದ ಸೇವೆಗೆ ಹಣ ವಾಪಸಿಲ್ಲ’ ಎಂಬ ಸಾಲು ಇರುತ್ತದೆ. ಅದೇ ಏಜೆಂಟರು ಒಳ್ಳೆಯವರಾದರೆ ಮುನ್ನಾರ್ ರಸ್ತೆ ಮುಚ್ಚಿದ ದಿನ ನೀವು ಕಾರಿನಲ್ಲಿ ಕೂತಿರುವಾಗಲೇ ಬೇರೆಡೆ ಕೋಣೆ ಹುಡುಕಿ ಕೊಡುತ್ತಾರೆ. ಅದರ ಬೆಲೆ ದೊಡ್ಡದು.

ನೀವೇ ಬುಕ್ ಮಾಡಿದಾಗ ಆ ಓಡಾಟ ನಿಮ್ಮದು, ಆದರೆ ಹಣ ಉಳಿಸಿಕೊಳ್ಳುವ ದಾರಿಯೂ ನಿಮ್ಮ ಕೈಯಲ್ಲೇ. ಕೋಣೆಗಳಿಗೆ ಎರಡು ದರ ತೋರಿಸುತ್ತಾರೆ, ರದ್ದು ಮಾಡಿದರೆ ವಾಪಸಿಲ್ಲದ್ದು ಮತ್ತು ಒಂದೆರಡು ದಿನ ಮುಂಚಿನವರೆಗೆ ಉಚಿತವಾಗಿ ರದ್ದು ಮಾಡಬಹುದಾದದ್ದು. ಎರಡನೆಯದು ಸ್ವಲ್ಪ ದುಬಾರಿ. ವಯಸ್ಸಾದವರು, ಮಕ್ಕಳು ಇರುವ ಮನೆಗೆ ಅದೇ ಸರಿ. ನಾನು ಮೇಲೆ ಹಿಡಿದ ದರವೂ ಅಂಥದ್ದೇ. ಥರ್ಡ್ ಎಸಿ ರೈಲು ಟಿಕೆಟನ್ನು ಸಾಕಷ್ಟು ದಿನ ಮುಂಚೆ ರದ್ದು ಮಾಡಿದರೆ ತಲಾ ₹180 ಮತ್ತು ತೆರಿಗೆಯಷ್ಟೇ ಹೋಗುತ್ತದೆ. ಗಾಡಿಗೆ, ದೋಣಿಗೆ ಕೊಟ್ಟ ಮುಂಗಡ ಮಾತ್ರ ಕಷ್ಟ, ಆದ್ದರಿಂದ ಅವರಿಗೆ ಮುಂಗಡ ಎರಡು ಮೂರು ಸಾವಿರ ದಾಟದಿರಲಿ. ಹತ್ತು ದಿನ ಮುಂಚೆ ರದ್ದಾದರೆ ನಿಮ್ಮ ದಾರಿಯಲ್ಲಿ ನಷ್ಟ ಆರೇಳು ಸಾವಿರ. ಪ್ಯಾಕೇಜಿನಲ್ಲಿ ನಲವತ್ತು ಸಾವಿರ ದಾಟಬಹುದು. ನನ್ನ ಮಟ್ಟಿಗೆ ಹನ್ನೆರಡು ಸಾವಿರದ ಉಳಿತಾಯಕ್ಕಿಂತ ಇದು ದೊಡ್ಡ ಕಾರಣ.

ಪ್ಯಾಕೇಜೇ ಗೆಲ್ಲುವ ಸಂದರ್ಭವೂ ಇದೆ, ಮುಚ್ಚಿಡುವುದಿಲ್ಲ. ಡಿಸೆಂಬರ್ ಕೊನೆಯ ವಾರದಲ್ಲಿ ಮುನ್ನಾರಿನ ಕೋಣೆ ಆನ್‌ಲೈನ್‌ನಲ್ಲಿ ಎರಡು ಮೂರು ಪಟ್ಟಾಗುತ್ತದೆ, 24 ಮತ್ತು 31ರ ರಾತ್ರಿಗೆ ‘ಗಾಲಾ ಡಿನ್ನರ್’ ಎಂದು ತಲೆಗಿಷ್ಟು ಕಡ್ಡಾಯ ವಸೂಲಿ ಬೇರೆ. ವರ್ಷವಿಡೀ ಕೋಣೆ ಕೊಳ್ಳುವ ಏಜೆಂಟರಿಗೆ ಮೊದಲೇ ಒಪ್ಪಿಕೊಂಡ ದರ ಇರುತ್ತದೆ, ಆಗ ಅವರ ಒಟ್ಟು ಮೊತ್ತ ನಿಮ್ಮ ಬಿಡಿ ಲೆಕ್ಕಕ್ಕಿಂತ ಕೆಳಗೆ ಬರಬಹುದು. ನಿಮ್ಮ ದಸರಾ ದಿನಾಂಕಕ್ಕೂ ಹಾಗಿದೆಯೇ ಎಂದು ತಿಳಿಯುವುದು ಸುಲಭ. ಕೊಟೇಶನ್‌ನಲ್ಲಿರುವ ಹೋಟೆಲಿನ ಹೆಸರು ತೆಗೆದುಕೊಂಡು ಅದೇ ದಿನ, ಅದೇ ಬಗೆಯ ಕೋಣೆಗೆ ನೇರವಾಗಿ ದರ ಕೇಳಿ. ಹೆಸರೇ ಕೊಡದೆ ‘ತ್ರೀಸ್ಟಾರ್ ಅಥವಾ ಸಮಾನ ದರ್ಜೆ’ ಎಂದಿದ್ದರೆ ಹೋಲಿಸಲು ಏನೂ ಇಲ್ಲ, ಅಂಥ ಕಾಗದಕ್ಕೆ ಮುಂಗಡ ಕೊಡಬೇಡಿ.

ತೀರಾ ಅಗ್ಗದ ಕೊಟೇಶನ್ ಬಂದರೂ ಹುಷಾರು. ಕಡಿಮೆಯಾದ ಹಣ ಎಲ್ಲಿಂದಲೋ ಬರಲೇಬೇಕು, ಸಾಮಾನ್ಯವಾಗಿ ಅದು ಬರುವುದು ಮಸಾಲೆ ಅಂಗಡಿ, ಆಯುರ್ವೇದ ಮಸಾಜು, ಸಂಜೆಯ ಕಥಕ್ಕಳಿ ಪ್ರದರ್ಶನದ ಕಮಿಷನ್‌ನಿಂದ. ನೀವೇ ಮಾತಾಡಿದ ಗಾಡಿಯವರೂ ಇದಕ್ಕೆ ಹೊರತಲ್ಲ. ತೇಕ್ಕಡಿ ಪಕ್ಕದ ಕುಮಳಿ ಪೇಟೆಯ ಎರಡು ಮೂರು ಅಂಗಡಿಯಲ್ಲಿ ಏಲಕ್ಕಿ ದರ ವಿಚಾರಿಸಿದ ಮೇಲೆ ಚಾಲಕರು ನಿಲ್ಲಿಸುವ ‘ತೋಟದ ಅಂಗಡಿ’ಗೆ ಹೋಗಿ, ವ್ಯತ್ಯಾಸ ತಾನೇ ಕಾಣುತ್ತದೆ.

ಹಣ ಕಟ್ಟಿದರೂ ಹೋಟೆಲಿಗೆ ತಲುಪಿರದೆ, ರಾತ್ರಿ ಕೌಂಟರಿನಲ್ಲಿ ಮತ್ತೆ ಕೇಳಿದ್ದು ಇಂಥ ಪ್ಯಾಕೇಜುಗಳ ಬಗ್ಗೆ ಬರುವ ದೂರುಗಳಲ್ಲಿ ಮಾಮೂಲಿ. ಮುಂಗಡವನ್ನು ಸಂಸ್ಥೆಯ ಖಾತೆಗೇ ಹಾಕಿ, ಯಾರದೋ ವೈಯಕ್ತಿಕ ಯುಪಿಐಗೆ ಬೇಡ, ಜಿಎಸ್‌ಟಿ ಬಿಲ್ ಕೇಳಿ. ಹೊರಡುವ ನಾಲ್ಕು ದಿನ ಮುಂಚೆ ಪ್ರತಿ ಹೋಟೆಲಿಗೂ ಫೋನ್ ಮಾಡಿ, ನಿಮ್ಮ ಹೆಸರಿನಲ್ಲಿ ಎರಡು ಕೋಣೆ ಇವೆಯೇ, ಹಣ ಪೂರ್ತಿ ಬಂದಿದೆಯೇ ಎಂದು ವಿಚಾರಿಸಿ. ಬಂದಿಲ್ಲವೆಂದರೆ ಏಜೆಂಟರಿಗೆ ಉಳಿದ ಕಂತು ಕೊಡುವ ಮೊದಲೇ ಬಗೆಹರಿಸಿಕೊಳ್ಳಬಹುದು.

ನಿಮ್ಮ ಮನೆಯವರ ತಲೆನೋವಿನ ಮಾತೂ ಸುಳ್ಳಲ್ಲ. ಪೂರ್ತಿ ನೀವೇ ಮಾಡುವುದೆಂದರೆ ರೈಲು, ಮೂರು ಕಡೆ ಕೋಣೆ, ದೋಣಿ, ಗಾಡಿ, ಉದ್ಯಾನದ ಟಿಕೆಟ್, ಇಷ್ಟನ್ನೂ ಹಿಡಿಯಬೇಕು, ಒಂದರ ದಿನ ತಪ್ಪಿದರೆ ಉಳಿದವೂ ಜಾರುತ್ತವೆ. ಎರಡು ವಾರಾಂತ್ಯ ಇದಕ್ಕೆ ಹೋಗುತ್ತದೆ. ಅಷ್ಟು ಹೊತ್ತಿಲ್ಲ ಎನ್ನುವವರಿಗೆ ನಡುವಿನ ದಾರಿಯೊಂದಿದೆ, ನಿಮಗೆ ನಾನು ಹೇಳುವುದೂ ಅದನ್ನೇ: ರೈಲು ಮತ್ತು ಕೊಚ್ಚಿಯ ಕೋಣೆ ನೀವು ಮಾಡಿಕೊಳ್ಳಿ. ಎರ್ನಾಕುಲಂ ಸ್ಟೇಷನ್ನಿನಿಂದ ಅಲೆಪ್ಪಿ ದೋಣಿ ಇಳಿಯುವವರೆಗಿನ ನಾಲ್ಕು ರಾತ್ರಿಯನ್ನು ಮಾತ್ರ ಏಜೆಂಟರಿಗೆ ಕೊಡಿ. ಕಷ್ಟದ ಭಾಗ, ಅಂದರೆ ಘಾಟ್ ರಸ್ತೆ, ಮಳೆ, ಗಾಡಿ, ದೋಣಿ ಅವರ ಹೊಣೆ. ಸುಲಭದ ಭಾಗಕ್ಕೆ ಅವರಿಗೆ ಹಣ ಕೊಡುವ ಅಗತ್ಯವಿಲ್ಲ.

ಆ ನಾಲ್ಕು ರಾತ್ರಿಗೆ ಎಷ್ಟು ಕೊಡಬಹುದು? ನನ್ನ ದರಗಳ ಪ್ರಕಾರ ಮುನ್ನಾರ್ ಮತ್ತು ತೇಕ್ಕಡಿಯ ಕೋಣೆಗಳು ತೆರಿಗೆ ಸೇರಿ ₹24,150, ದೋಣಿ ₹16,000, ನಾಲ್ಕು ದಿನದ ಗಾಡಿ ₹16,800, ಒಟ್ಟು ₹56,950. ಹೋಟೆಲಿನ ಹೆಸರು, ಗಾಡಿಯ ಮಾಡೆಲ್, ಖಾಸಗಿ ದೋಣಿ ಎಂಬುದನ್ನು ಬರೆದುಕೊಟ್ಟು ಏಜೆಂಟರು ತೆರಿಗೆ ಸೇರಿ ₹62,000ದೊಳಗೆ ಒಪ್ಪಿದರೆ ಕೊಟ್ಟುಬಿಡಿ, ಐದು ಸಾವಿರಕ್ಕೆ ಆ ಹೊಣೆ ದುಬಾರಿಯಲ್ಲ. ₹66,000 ದಾಟಿದರೆ ಮುನ್ನಾರ್, ತೇಕ್ಕಡಿಯ ಕೋಣೆಗಳನ್ನೂ ನೀವೇ ಹಿಡಿದು, ಗಾಡಿಯನ್ನು ಎರ್ನಾಕುಲಂನವರೊಬ್ಬರೊಡನೆ ನೇರವಾಗಿ ಮಾತಾಡಿ. ನಡುವಿನ ಮೊತ್ತ ಬಂದರೆ ಅವರ ರದ್ದತಿ ಷರತ್ತು ನೋಡಿ ತೀರ್ಮಾನಿಸಿ: ಹತ್ತು ದಿನ ಮುಂಚಿನವರೆಗೆ ಮುಕ್ಕಾಲು ಪಾಲು ಹಣ ವಾಪಸು ಕೊಡುವವರಾದರೆ ಒಪ್ಪಿ, ಇಲ್ಲವಾದರೆ ಬೇಡ.